ತಿಂಗಳಿಗೆ 100 ಕನೆಕ್ಟ್ಸ್: ಮೊದಲು ಓಡಬೇಕೋ, ಬೂಸ್ಟ್ ಮಾಡಬೇಕೋ, ಕ್ಲೈಂಟ್ ನೋಡಿ ಹಾಕಬೇಕೋ?

ಫ್ರೀಲ್ಯಾನ್ಸ್ ಕೆಲಸ ಸಿಗುವ ತಾಣ ಅಪ್‌ವರ್ಕ್‌ನಲ್ಲಿ ಒಂದು ಕೆಲಸಕ್ಕೆ ಪ್ರೊಪೋಸಲ್, ಅಂದರೆ ಅರ್ಜಿ ಹಾಕಲು ಕನೆಕ್ಟ್ಸ್ ಎಂಬ ಟೋಕನ್‌ಗಳನ್ನು ಕೊಡಬೇಕು. ಒಂದು ಕನೆಕ್ಟ್‌ಗೆ 0.15 ಡಾಲರ್. ತಿಂಗಳಿಗೆ 100 ಎಂದು ಮಿತಿ ಹಾಕಿಕೊಂಡರೆ 15 ಡಾಲರ್ ಖರ್ಚು. ಹುಬ್ಬಳ್ಳಿ-ಧಾರವಾಡದಲ್ಲಿ ವರ್ಡ್‌ಪ್ರೆಸ್ ವೆಬ್‌ಸೈಟ್, ವೂಕಾಮರ್ಸ್ ಆನ್‌ಲೈನ್ ಅಂಗಡಿ ಕಟ್ಟುವ ಕೆಲಸ ಮಾಡುವವರಲ್ಲಿ ಈ 100 ಅನ್ನು ಮೂರು ರೀತಿ ಖರ್ಚು ಮಾಡುವವರಿದ್ದಾರೆ: ಕೆಲಸದ ಪೋಸ್ಟ್ ಬಿದ್ದ ಕೂಡಲೇ ಹಾಕುವವರು, ದೊಡ್ಡ ಮೊತ್ತದ ಕೆಲಸಕ್ಕೆ ಬೂಸ್ಟ್ ಸೇರಿಸಿ ಹಾಕುವವರು, ಕ್ಲೈಂಟ್‌ನ ಹಿಂದಿನ ಲೆಕ್ಕ ನೋಡಿ ಹಾಕುವವರು. ಮೂರನ್ನೂ ಮಾಡಿ ನೋಡಿದ ಮೇಲೆ ನನ್ನ ಮತ ಮೂರನೆಯದಕ್ಕೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಖರೀದಿದಾರರು ಮೆಣಸಿನಕಾಯಿ ಕೈಗೆ ತೆಗೆದುಕೊಂಡು, ಬಣ್ಣ ನೋಡಿ, ತೇವ ನೋಡಿ ಆಮೇಲೆ ದರ ಬರೆಯುತ್ತಾರೆ. ಇಲ್ಲೂ ಅಷ್ಟೇ, ಮೊದಲು ಮಾಲು ನೋಡಬೇಕು.

ಮೊದಲು ಓಡುವ ದಾರಿಯಲ್ಲಿ ಒಂದು ನಿಜವಾದ ಲಾಭವಿದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಿಗ್ಗೆ 9 ಆದಾಗ ನಮಗೆ ಬೇಸಿಗೆಯಲ್ಲಿ ಸಂಜೆ 6:30, ಚಳಿಗಾಲದಲ್ಲಿ 7:30. ಆಫೀಸ್ ಮುಗಿಸಿ ಮನೆಗೆ ಬಂದವರಿಗೂ ಹೊಸ ಪೋಸ್ಟ್ ಸಿಗುವ ಹೊತ್ತು ಅದು. ಆದರೆ ಹತ್ತು ನಿಮಿಷದ ಹಿಂದೆ ಬಿದ್ದ ಪೋಸ್ಟ್‌ನಲ್ಲಿ ಕ್ಲೈಂಟ್ ಮತ್ತೆ ಬಂದು ನೋಡುತ್ತಾನೋ ಇಲ್ಲವೋ ಎಂಬುದಕ್ಕೆ ಯಾವ ಗುರುತೂ ಇರುವುದಿಲ್ಲ. ಹಾಗಾಗಿ ಹಳೆಯ ದಾಖಲೆ ಗಟ್ಟಿಯಿರುವ ಕ್ಲೈಂಟ್‌ಗೆ ಮಾತ್ರ ಈ ಓಟ ಸರಿ.

ಬೂಸ್ಟ್ ಎಂದರೆ ಕೇಳಿದ ಕನೆಕ್ಟ್ಸ್ ಮೇಲೆ ಇನ್ನಷ್ಟು ಕಟ್ಟಿ ಪಟ್ಟಿಯ ಮೇಲ್ಭಾಗದ ಜಾಗಕ್ಕೆ ಹರಾಜು ಕೂಗುವುದು. ಬೇರೆಯವರು ನಿಮಗಿಂತ ಹೆಚ್ಚು ಕೂಗಿ ಆ ಜಾಗದಿಂದ ನಿಮ್ಮನ್ನು ಕೆಳಗಿಳಿಸಿದರೆ ಬೂಸ್ಟ್‌ನ ಪಾಲು ವಾಪಸ್ ಬರುತ್ತದೆ, ಮೂಲ ಕನೆಕ್ಟ್ಸ್ ಬರುವುದಿಲ್ಲ. ತಿಂಗಳಿಗೆ 100 ಇಟ್ಟುಕೊಂಡವರು ಎರಡು-ಮೂರು ಹರಾಜಿನಲ್ಲೇ ಅರ್ಧ ಖಾಲಿ ಮಾಡಿಕೊಳ್ಳಬಹುದು.

ಈಗ ಎಲ್ಲರನ್ನೂ ಕಾಡುವ ತೊಡಕಿಗೆ ಬರೋಣ: ಯಾರನ್ನೂ ತೆಗೆದುಕೊಳ್ಳದೆ ಬಿಟ್ಟುಹೋದ ಪೋಸ್ಟ್. ಕ್ಲೈಂಟ್ ತಾನೇ ಆ ಪೋಸ್ಟನ್ನು ಯಾರನ್ನೂ ನೇಮಿಸದೆ ಮುಚ್ಚಿದರೆ, ಅಥವಾ ನಿಯಮ ಮುರಿದಿದ್ದಕ್ಕೆ ಅಪ್‌ವರ್ಕ್ ಅದನ್ನು ತೆಗೆದುಹಾಕಿದರೆ, ಕನೆಕ್ಟ್ಸ್ ಮರಳಿ ಬರುತ್ತವೆ. ಆದರೆ ಬಹಳ ಜನ ಮುಚ್ಚುವ ತೊಂದರೆಯನ್ನೇ ತೆಗೆದುಕೊಳ್ಳುವುದಿಲ್ಲ. ದರ ಎಷ್ಟಾಗಬಹುದೆಂದು ತಿಳಿಯಲು ಪೋಸ್ಟ್ ಹಾಕಿದವರು, ಕೆಲಸವನ್ನು ಬೇರೆ ಕಡೆ ಮಾಡಿಸಿಕೊಂಡವರು ಅದನ್ನು ಹಾಗೇ ಬಿಡುತ್ತಾರೆ. ಅವಧಿ ಮುಗಿದು ಪೋಸ್ಟ್ ತಾನಾಗಿ ಮುಚ್ಚಿದಾಗ ನೀವು ಕೊಟ್ಟ ಕನೆಕ್ಟ್ಸ್ ಹೋದದ್ದು ಹೋಯಿತು. ನೀವೇ ಪ್ರೊಪೋಸಲ್ ಹಿಂತೆಗೆದುಕೊಂಡರೂ ಸಿಗುವುದಿಲ್ಲ.

ಇಂಥ ಪೋಸ್ಟನ್ನು ಮೊದಲೇ ಗುರುತಿಸಲು ಕೆಲಸದ ಪುಟದ ಕೆಳಭಾಗದಲ್ಲಿ, ಚಟುವಟಿಕೆಯ ವಿವರದಲ್ಲಿ ಎರಡು ಸಾಲು ಒಟ್ಟಿಗೆ ಓದಬೇಕು: `Last viewed by client` ಮತ್ತು `Interviewing`. ಒಂದನ್ನೇ ನೋಡಿದರೆ ದಾರಿ ತಪ್ಪುತ್ತದೆ. ಪೋಸ್ಟ್ ಬಿದ್ದು ಒಂದು ದಿನವಾದರೂ ಕ್ಲೈಂಟ್ ನೋಡಿದ ಸಾಲೇ ಕಾಣದಿದ್ದರೆ, ಅಥವಾ ಮೂರು ದಿನದ ಹಿಂದೆ ನೋಡಿ `Interviewing` ಇನ್ನೂ 0 ಇದ್ದರೆ, ಆ ಪೋಸ್ಟನ್ನು ಬಿಟ್ಟಿದ್ದಾರೆಂದೇ ಎಣಿಸಿ. ಐದು ನಿಮಿಷದ ಹಿಂದೆ ನೋಡಿದ್ದಾರೆ, ಆದರೆ ಆಗಲೇ 7 ಜನರ ಜೊತೆ ಮಾತು ನಡೆದಿದೆ ಎಂದರೆ ಕ್ಲೈಂಟ್ ಇದ್ದಾನೆ, ಆದರೆ ಹೊಸ ಪ್ರೊಪೋಸಲ್ ಓದಲು ಬಂದಿಲ್ಲ, ಆ ಏಳು ಜನರಿಗೆ ಉತ್ತರ ಕೊಡಲು ಬಂದಿದ್ದಾನೆ. ನಮಗೆ ಬೇಕಾದದ್ದು ಒಂದು ಗಂಟೆಯೊಳಗೆ ನೋಡಿರಬೇಕು, ಮಾತು 0 ಅಥವಾ 1 ಇರಬೇಕು. ಅಂದರೆ ಪಟ್ಟಿ ಬಿಡಿಸಿಕೊಂಡು ಆರಿಸಲು ಈಗಷ್ಟೇ ಕೂತಿದ್ದಾನೆ.

ಇದರ ಜೊತೆಗೆ `hire rate`. ಹಾಕಿದ ಕೆಲಸಗಳಲ್ಲಿ ಎಷ್ಟಕ್ಕೆ ಜನ ತೆಗೆದುಕೊಂಡಿದ್ದಾರೆ ಎಂಬ ಶೇಕಡಾವಾರು ಅದು. ಒಂದೇ ಕೆಲಸ ಹಾಕಿ ಒಬ್ಬರನ್ನು ತೆಗೆದುಕೊಂಡವನದೂ 100% ಎಂದೇ ಕಾಣುತ್ತದೆ, ಆದ್ದರಿಂದ ಒಟ್ಟು ಎಷ್ಟು ಕೆಲಸ ಹಾಕಿದ್ದಾನೆಂಬ ಸಂಖ್ಯೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಆಮೇಲೆ ಕೆಳಗಿನ ಹಳೆಯ ಕೆಲಸಗಳ ಪಟ್ಟಿ: ನಿಮ್ಮ ಬಗೆಯ ಕೆಲಸಕ್ಕೆ ಆತ ಹಿಂದೆ ಕೊಟ್ಟ ಹಣ ಎಷ್ಟು ಎಂಬುದು ಅಲ್ಲಿ ಸಿಗುತ್ತದೆ. ಪೋಸ್ಟ್‌ನಲ್ಲಿ ಬರೆದ ಬಜೆಟ್‌ಗಿಂತ ನಾನು ಅದನ್ನೇ ಹೆಚ್ಚು ನಂಬುತ್ತೇನೆ.

ಎರಡು ಪೋಸ್ಟ್ ಇಟ್ಟು ಲೆಕ್ಕ ಹಾಕೋಣ. ಎರಡೂ ವೂಕಾಮರ್ಸ್ ಅಂಗಡಿಯ ಕೆಲಸ.

ಮೊದಲನೆಯದು 600 ಡಾಲರ್, ಅಂಗಡಿ ಪೂರ್ತಿ ಹೊಸದಾಗಿ ಕಟ್ಟಬೇಕು, 18 ಕನೆಕ್ಟ್ಸ್. ನಿನ್ನೆ ಬಿದ್ದದ್ದು, ಪ್ರೊಪೋಸಲ್ 20 ರಿಂದ 50, 7 ಜನರ ಜೊತೆ ಮಾತು. ಕ್ಲೈಂಟ್ 16 ಕೆಲಸ ಹಾಕಿದ್ದಾನೆ, ನೇಮಕ 31%. ಎರಡನೆಯದು 90 ಡಾಲರ್, ಚೆಕ್‌ಔಟ್ ಪುಟ ನಿಧಾನವಾಗಿದೆ, ಸರಿ ಮಾಡಬೇಕು, 9 ಕನೆಕ್ಟ್ಸ್. ಬಿದ್ದು 50 ನಿಮಿಷ, ಪ್ರೊಪೋಸಲ್ 5 ರಿಂದ 10, 12 ನಿಮಿಷದ ಹಿಂದೆ ನೋಡಿದ್ದಾನೆ, ಮಾತು 0. ಹಾಕಿದ ಕೆಲಸ 22, ನೇಮಕ 82%.

ನೇಮಕದ ಪಾಲನ್ನು ಪ್ರೊಪೋಸಲ್ ಸಂಖ್ಯೆಯಿಂದ ಭಾಗಿಸಿ, ಕೆಲಸದ ಮೊತ್ತದಿಂದ ಗುಣಿಸಿ, ಕೇಳಿದ ಕನೆಕ್ಟ್ಸ್‌ನಿಂದ ಭಾಗಿಸಿ. ಪ್ರೊಪೋಸಲ್ ಮೊದಲನೆಯದರಲ್ಲಿ 35, ಎರಡನೆಯದರಲ್ಲಿ 8 ಎಂದು ಹಿಡಿದರೆ:

```
0.31 / 35 * 600 / 18 = 0.30
0.82 / 8  * 90  / 9  = 1.03
```

0.15 ಡಾಲರ್ ಕೊಟ್ಟು ಕೊಂಡ ಒಂದು ಕನೆಕ್ಟ್, 600ರ ಕೆಲಸದಲ್ಲಿ 30 ಸೆಂಟ್‌ನಷ್ಟು ಆಸೆ ಕೊಡುತ್ತದೆ, 90ರ ಕೆಲಸದಲ್ಲಿ ಒಂದು ಡಾಲರ್. ಇದರಲ್ಲಿ ಅಪ್‌ವರ್ಕ್ ಶುಲ್ಕ ಕಳೆದಿಲ್ಲ, ಎಲ್ಲ ಪ್ರೊಪೋಸಲ್‌ಗಳೂ ಒಂದೇ ಮಟ್ಟದವು ಎಂದು ಎಣಿಸಿದ್ದೇವೆ. 7 ಜನರ ಜೊತೆ ನಡೆದ ಮಾತನ್ನು ಈ ಸೂತ್ರ ಲೆಕ್ಕಕ್ಕೇ ತೆಗೆದುಕೊಂಡಿಲ್ಲ, ತೆಗೆದುಕೊಂಡರೆ ಮೊದಲನೆಯದು ಇನ್ನೂ ಕೆಳಗಿಳಿಯುತ್ತದೆ. ನಿಮ್ಮ ಪ್ರೊಫೈಲ್‌ನಲ್ಲಿ ಅದೇ ಬಗೆಯ ಮುಗಿಸಿದ ಕೆಲಸ ಮೂರ್ನಾಲ್ಕು ಇದ್ದರೆ ಮಾತ್ರ 600ರ ಕೆಲಸಕ್ಕೆ ಬೇರೆ ಲೆಕ್ಕ. ಆ 90ರ ಕ್ಲೈಂಟ್ 22 ಕೆಲಸ ಹಾಕಿದವನು, ಒಮ್ಮೆ ಹಿಡಿಸಿದರೆ ಮುಂದಿನ ಕೆಲಸಕ್ಕೆ ಆತನೇ ಆಹ್ವಾನ ಕಳಿಸಬಹುದು. ಆಹ್ವಾನಕ್ಕೆ ಉತ್ತರಿಸಲು ಕನೆಕ್ಟ್ಸ್ ಬೇಕಾಗಿಲ್ಲ.

ದಾಖಲೆಯೇ ಇಲ್ಲದ ಹೊಸ ಕ್ಲೈಂಟ್‌ಗೆ: ಹಣ ಪಾವತಿಯ ವಿಧಾನ ಪರಿಶೀಲಿಸಲಾಗಿದೆ ಎಂಬ ಗುರುತು ಇದ್ದು, ಕೆಲಸದ ವಿವರ ಸ್ಪಷ್ಟವಿದ್ದರೆ ಹಾಕಿ. ಟೆಲಿಗ್ರಾಮ್‌ಗೆ ಬನ್ನಿ ಅಂದರೆ ಬಿಡಿ.

ಸಂಜೆ ಎರಡು ತಾಸು ಕೂರುವವರಿಗೆ, ತಿಂಗಳಿಗೆ 100 ಕನೆಕ್ಟ್ಸ್‌ನೊಳಗೆ ಮುಗಿಸಬೇಕೆನ್ನುವವರಿಗೆ ಹೀಗೆ ಹಂಚುವುದು ಸೂಕ್ತ. 100ರಲ್ಲಿ 70 ಅನ್ನು 82%ದವನಂಥ ಕ್ಲೈಂಟ್‌ಗಳಿಗೆ, ತಲಾ 8 ರಿಂದ 10ರಂತೆ ಏಳೆಂಟು ಪ್ರೊಪೋಸಲ್. 20 ಅನ್ನು ನಿಮ್ಮ ಕೈಗೆ ಚೆನ್ನಾಗಿ ಕೂತ ಒಂದು ದೊಡ್ಡ ಕೆಲಸಕ್ಕೆ. ಉಳಿದ 10 ತಿಂಗಳ ಕೊನೆಯ ವಾರಕ್ಕೆ. ಹಗಲು ಬಿಡುವಿರುವವರಿಗೆ ಬ್ರಿಟನ್ ಪೋಸ್ಟ್‌ಗಳು ಒಳ್ಳೆಯವು, ಅಲ್ಲಿನ ಬೆಳಿಗ್ಗೆ 9 ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 1:30, ಚಳಿಗಾಲದಲ್ಲಿ 2:30. ಕ್ಲೈಂಟ್‌ಗೆ ಪಟ್ಟಿಯಲ್ಲಿ ಮೊದಲು ಕಾಣುವುದು ಪ್ರೊಪೋಸಲ್‌ನ ಆರಂಭದ ಸಾಲುಗಳು ಮಾತ್ರ. ಆ ಚೆಕ್‌ಔಟ್ ಕೆಲಸಕ್ಕೆ ಹಾಕುವುದಾದರೆ ಅಂಗಡಿಯ ಪುಟ ತೆರೆದು, ಯಾವ ಪ್ಲಗಿನ್ ಫೈಲ್ ತಡವಾಗಿ ಲೋಡ್ ಆಗುತ್ತಿದೆ ಎಂದು ನೋಡಿ, ಅದರ ಹೆಸರನ್ನೇ ಮೊದಲ ಸಾಲಿನಲ್ಲಿ ಬರೆಯಿರಿ.