ಎರಡು ವರ್ಷ ಬಳಸಿದೆ: ಕೆಲಸ ತಪ್ಪಿಸದ ಶೆಡ್ಯೂಲರ್, ತಪ್ಪಿದ್ದು ನನ್ನ ತಾರೀಖು

ನಮ್ಮೂರ ಹಾಲಿನ ಡೇರಿಯ ಬಿಲ್ ಪ್ರೋಗ್ರಾಂ ಓಡಿಸಲು ಈ ಕ್ಲೌಡ್ ಶೆಡ್ಯೂಲರ್ ಹಿಡಿದು ಎರಡು ವರ್ಷವಾಯಿತು. ಅಗ್ಗ, ನಂಬಿಕಸ್ಥ. ಆದರೆ ಟೈಮ್‌ಝೋನ್ ಆರಿಸಲು ಜಾಗವೇ ಇಲ್ಲ, ಎಲ್ಲ ಯುಟಿಸಿಯಲ್ಲೇ ಬರೆಯಬೇಕು.

ಹಾಗಾಗಿ ಹೊಸ ಸಮಯ ಹಾಕುವಾಗಲೆಲ್ಲ ಕಾಫಿ ಲೋಟ ಪಕ್ಕಕ್ಕಿಟ್ಟು, ಹಳೇ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಪೆನ್ಸಿಲ್‌ನಲ್ಲಿ ಲೆಕ್ಕ ಹಾಕುತ್ತೇನೆ. ಮೊದಲು ಅರ್ಧ ಗಂಟೆ ಕಳೆ, ಆಮೇಲೆ ಐದು. ಬೆಳಿಗ್ಗೆ 9:00 ಹೋಗಿ 8:30, ಅದು ಹೋಗಿ 3:30. ಒಟ್ಟಿಗೆ ಕಳೆಯಲು ಹೋದರೆ ನನಗೆ ಖಂಡಿತ ತಪ್ಪುತ್ತದೆ.

ಒಂದೇ ಹೊತ್ತಿನ ಕೆಲಸಕ್ಕೆ ಇಷ್ಟು ಸಾಕು. 9ರಿಂದ ಸಂಜೆ 6ರವರೆಗೆ ಅರ್ಧ ಗಂಟೆಗೊಮ್ಮೆ ಡೇರಿಯ ಕಂಪ್ಯೂಟರಿನಿಂದ ಲೆಕ್ಕ ಎಳೆಯಬೇಕು ಅಂದಾಗ `*/30 3-12 * * *` ಎಂದು ಬರೆದೆ. ದಿನಾ 8:30ಕ್ಕೆ ಎರರ್ ಮೆಸೇಜ್! ಡೇರಿ ಬಾಗಿಲೇ ತೆಗೆದಿರುವುದಿಲ್ಲ. ಯುಟಿಸಿ 3:00 ಅಂದರೆ ನಮಗೆ 8:30. ನಮ್ಮ 9 ಗಂಟೆ ಅವರ ಗಂಟೆಯ ನಡುವೆ ಶುರುವಾಗುತ್ತದೆ. ಒಂದು ಸಾಲನ್ನು ಎರಡಾಗಿ ಒಡೆದೆ:

```
30 3 * * *
0,30 4-12 * * *
```

ಇದು ಬರೀ ಕಿರಿಕಿರಿ. ಹೊಟ್ಟೆ ಉರಿಸಿದ್ದು ತಿಂಗಳ ಬಿಲ್. 1ನೇ ತಾರೀಖು ಬೆಳಿಗ್ಗೆ 5ಕ್ಕೆ ಬಿಲ್ ಹೋಗಲಿ ಅಂತ `30 23 1 * *` ಹಾಕಿದ್ದೆ. ಗಂಟೆ ಸರಿ. ಆದರೆ ನಮ್ಮ 1ರ ಬೆಳಿಗ್ಗೆ 5 ಅಂದರೆ ಯುಟಿಸಿಯಲ್ಲಿ ಹಿಂದಿನ ತಿಂಗಳ ಕೊನೇ ದಿನದ ರಾತ್ರಿ 11:30. ನಾನು ಬರೆದದ್ದು ನಮ್ಮ 2ನೇ ತಾರೀಖಿಗೆ ಓಡಿತು. ಲಾಗ್ ತೆಗೆದರೆ ಅಲ್ಲಿ ತಾರೀಖು 1 ಅಂತಲೇ ಇದೆ, ಅದೂ ಯುಟಿಸಿಯಲ್ಲವೇ! ಎರಡು ತಿಂಗಳು ನನಗೇ ಗೊತ್ತಾಗಲಿಲ್ಲ, ಸದಸ್ಯರು ಬಿಲ್ ಇನ್ನೂ ಬಂದಿಲ್ಲ ಎಂದು ಕೇಳುವವರೆಗೂ.

ಕೊನೇ ದಿನ 28ರಿಂದ 31ರ ತನಕ ಯಾವುದೂ ಆಗಬಹುದು, ಕ್ರಾನ್‌ನ ಒಂದೇ ಅಂಕಿಯಲ್ಲಿ ಹಿಡಿಯಲಾಗದು. ಅದಕ್ಕೆ `30 23 28-31 * *` ಹಾಕಿ, ಸ್ಕ್ರಿಪ್ಟಿನ ಮೊದಲ ಸಾಲಲ್ಲಿ ತಡೆ ಇಟ್ಟೆ:

```
[ "$(TZ=Asia/Kolkata date +%d)" = 01 ] || exit 0
```

ಒಂದು ಪುಣ್ಯ, ನಮ್ಮ ಗಡಿಯಾರ ವರ್ಷಪೂರ್ತಿ ಒಂದೇ. ಅಡಿಲೇಡ್‌ನಲ್ಲಿರುವ ಗೆಳೆಯನೂ ಇದನ್ನೇ ಬಳಸುತ್ತಾನೆ. ಅಲ್ಲಿ ಒಂಬತ್ತೂವರೆ ಗಂಟೆ ವ್ಯತ್ಯಾಸ ಅಕ್ಟೋಬರ್‌ನಲ್ಲಿ ಹತ್ತೂವರೆಯಾಗಿ, ಏಪ್ರಿಲ್‌ನಲ್ಲಿ ಮತ್ತೆ ಹಿಂದಕ್ಕೆ ಬರುತ್ತದೆ. ವರ್ಷಕ್ಕೆ ಎರಡು ಸಲ ಎಲ್ಲ ಸಾಲೂ ತಿದ್ದಬೇಕು. ಅವನ ಗೋಳು ಕೇಳಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ಐದಕ್ಕೆ ಮೂರೂವರೆ ಕೊಡುತ್ತೇನೆ.

ಮೊನ್ನೆ ಇದನ್ನೆಲ್ಲ ಡೇರಿ ಸೆಕ್ರೆಟರಿಗೆ ವಿವರಿಸಿದೆ. "ಹಾಲು ಹಾಕೋರು ಬರೋದೇ ಆರು ಗಂಟೆಗೆ ಮಾರಾಯ, ಐದಕ್ಕೇ ಯಾಕೆ ಕಳಿಸ್ತೀಯ?" ಅಂದರು. 5:30 ದಾಟಿದರೆ ಯುಟಿಸಿಯಲ್ಲೂ ಅದೇ ತಾರೀಖು. ಈಗ 5:40ಕ್ಕೆ ಇಟ್ಟಿದ್ದೇನೆ, `10 0 1 * *`. ಆ ತಡೆ ಸಾಲು ಅಳಿಸಿಹಾಕಿದೆ.