ರಾಗಿ, ಜಯಮಂಗಲಿ, ಕೊಬ್ಬರಿ: ಒಂದು ಫಾಂಟಿಗೆ ಮೂರು ಹೆಸರು

ಫಾಂಟ್ ಮುಗಿಯುತ್ತಾ ಬಂದಿತ್ತು, ಹೆಸರು ಮಾತ್ರ ಇರಲಿಲ್ಲ. ಇದು ಪುಸ್ತಕದ ಒಳಪುಟಕ್ಕೆ ಮಾಡಿದ ಅಕ್ಷರ. ಸಾಧಾರಣ ಕಾಗದದ ಮೇಲೆ, 9 ಪಾಯಿಂಟಿನಲ್ಲಿ ಓದುವಂತಿರಬೇಕು. ಮಸಿ ಸ್ವಲ್ಪ ಹರಡಿದರೂ ಠ ಒಳಗಿನ ಚುಕ್ಕೆ, ಧ ಕೆಳಗಿನ ಸೀಳು ಮುಚ್ಚಿಹೋಗಬಾರದು. ಹಾಗಾಗಿ ಗೆರೆಗಳಲ್ಲಿ ದಪ್ಪ-ಸಣ್ಣದ ವ್ಯತ್ಯಾಸ ಕಡಿಮೆ ಇಟ್ಟೆ. ಒಳಗಿನ ಜಾಗ ಜಾಸ್ತಿ ಬಿಟ್ಟೆ. ಒತ್ತಕ್ಷರಗಳನ್ನು ಮೇಲಿನ ಅಕ್ಷರಕ್ಕೆ ಹತ್ತಿರ ಕೂರಿಸಿದೆ. ನೋಡಲು ಗಟ್ಟಿ, ಸ್ವಲ್ಪ ಒರಟು ಅಂತಲೇ ಹೇಳಬಹುದು.

ತುಮಕೂರಿನವನಾದ್ದರಿಂದ ಮೊದಲು ನೆನಪಾದದ್ದು ಗುಬ್ಬಿ. ಆದರೆ ಗುಬ್ಬಿ, ನವಿಲು ಎರಡೂ ಹೆಸರಿನ ಯೂನಿಕೋಡ್ ಫಾಂಟ್‌ಗಳು ಆಗಲೇ ಇವೆ. ಊರಿನ ಹೆಸರಿಗೆ ಹುಬ್ಬಳ್ಳಿ ಇದೆ, ನದಿಗೆ ತುಂಗಾ ಇದೆ, ತಿನ್ನುವುದಕ್ಕೆ ಬೆಣ್ಣೆಯೂ ಇದೆ. ಉಳಿದವುಗಳಲ್ಲಿ ರಾಗಿ, ಜಯಮಂಗಲಿ, ಕೊಬ್ಬರಿ ಮೂರನ್ನು ಆರಿಸಿಕೊಂಡು ಜನರ ಮುಂದಿಟ್ಟೆ. ಹುಣಸೆ ಕೂಡ ಇತ್ತು. ನಮ್ಮಲ್ಲೇ ಒಬ್ಬರು ಹುಣಸೆ, ಇನ್ನೊಬ್ಬರು ಹುಣಿಸೆ, ಮತ್ತೊಬ್ಬರು ಹುಣ್ಸೆ ಅನ್ನುತ್ತಾರೆ. ಅದನ್ನು ಅಲ್ಲೇ ಬಿಟ್ಟೆ.

ಪರೀಕ್ಷೆ ಸರಳ. ಅಕ್ಷರ ತೋರಿಸದೆ ಹೆಸರು ಮಾತ್ರ ಹೇಳಿ, ‘ಈ ಫಾಂಟ್ ಹೇಗಿರಬಹುದು?’ ಎಂದು ಕೇಳುವುದು. ಆಮೇಲೆ ಡಿಟಿಪಿ ಮಾಡುವವರಿಗೆ ಫೋನಿನಲ್ಲಿ ಹೆಸರು ಹೇಳಿ, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸಿ ಅನ್ನುವುದು. ಎರಡನೆಯದು ಯಾಕೆ ಬೇಕು ಅಂದರೆ, ಫಾಂಟ್ ಕನ್ನಡದ್ದಾದರೂ ಅದರ ಹೆಸರನ್ನು ಕಂಪ್ಯೂಟರ್ ಹಿಡಿಯುವುದು ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲೇ. ಫಾಂಟಿನ ಒಳಗೆ ಪೋಸ್ಟ್‌ಸ್ಕ್ರಿಪ್ಟ್ ಹೆಸರು ಅಂತ ಒಂದಿರುತ್ತದೆ. ಅದರಲ್ಲಿ ಖಾಲಿ ಜಾಗ ಇರುವಂತಿಲ್ಲ, ಕನ್ನಡ ಲಿಪಿಯೂ ಇರುವಂತಿಲ್ಲ. ಅಕ್ಷರದ ಮೇಲೆ ಗೆರೆ ಎಳೆದು ದೀರ್ಘ ತೋರಿಸುವುದಕ್ಕೂ, ಕೆಳಗೆ ಚುಕ್ಕೆ ಇಟ್ಟು ಳ ತೋರಿಸುವುದಕ್ಕೂ ಆಗುವುದಿಲ್ಲ. ಅಂದರೆ ಲ, ಳ ಎರಡೂ ಅಲ್ಲಿ ಒಂದೇ.

ಮೊದಲು ಜಯಮಂಗಲಿ. ಇದು ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ನಮ್ಮ ನದಿ. ಕಿವಿಗೆ ಇಂಪಾದ ಹೆಸರು, ನನಗೆ ಇದರ ಮೇಲೇ ಆಸೆ ಇತ್ತು. ಆದರೆ ಕೇಳಿದವರೆಲ್ಲ ಬಳುಕುವ, ತೆಳು ಬಾಲದ ಅಕ್ಷರವನ್ನೇ ಊಹಿಸಿದರು. ಪ್ರೆಸ್ಸಿನ ಹುಡುಗನೊಬ್ಬ, ‘ಲಗ್ನಪತ್ರಿಕೆಗಾ ಸಾರ್?’ ಎಂದೇ ಕೇಳಿದ. ಜಯವೂ ಮಂಗಲವೂ ಒಟ್ಟಿಗೆ ಬಂದರೆ ಇನ್ನೇನು ಹೊಳೆಯುತ್ತದೆ ಹೇಳಿ. ಫೋನಿನಲ್ಲಿ ಹೇಳಿದಾಗ ಕೆಲವರು Jayamangala ಎಂದು ಬರೆದರು. ಒಬ್ಬರಂತೂ ಮೆನುವಿನಲ್ಲಿ Mangal ಹುಡುಕಿ ತೆಗೆದರು. ಅದು ವಿಂಡೋಸ್‌ನ ದೇವನಾಗರಿ ಫಾಂಟ್.

ಉದ್ದವೂ ಒಂದು ತೊಂದರೆ. ವಿಂಡೋಸ್‌ನ ಹಳೆಯ ಕ್ರಮ ಅನುಸರಿಸುವ ತಂತ್ರಾಂಶಗಳಲ್ಲಿ ಫಾಂಟಿನ ಹೆಸರು 31 ಅಕ್ಷರ ಮೀರುವಂತಿಲ್ಲ. Jayamangali Condensed ExtraBold ಎಂದು ಎಣಿಸಿ ನೋಡಿ, ಖಾಲಿ ಜಾಗವೂ ಸೇರಿ ಸರಿಯಾಗಿ 31. ಮುಂದೆ Text ಅಂತ ಒಂದು ಬಗೆ ಸೇರಿಸಬೇಕೆಂದರೆ ಜಾಗವೇ ಇಲ್ಲ. ಆಗ Cond, XBold ಅಂತ ಮೊಟಕು ಮಾಡಬೇಕು. ಹಾಗೆ ಮಾಡಿದರೆ ಒಂದೇ ಕುಟುಂಬದ ಫಾಂಟ್‌ಗಳು ನೋಡುವವರಿಗೆ ಬೇರೆ ಬೇರೆಯಂತೆ ಕಾಣುತ್ತವೆ.

ರಾಗಿ ಇದಕ್ಕೆ ಪೂರ್ತಿ ಉಲ್ಟಾ. ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ. ಹೆಸರು ಕೇಳಿದ ತಕ್ಷಣ ‘ಸಾದಾ, ಗಟ್ಟಿ, ದಿನಾ ಬಳಸೋದು’ ಎಂದರು. ಗುಣ ಹೇಳುವುದರಲ್ಲಿ ಇದಕ್ಕಿಂತ ಒಳ್ಳೆಯ ಹೆಸರು ನನಗೆ ಸಿಗಲಿಲ್ಲ. ಆದರೆ ಅಂತರ್ಜಾಲದಲ್ಲಿ Ragi font ಎಂದು ಹುಡುಕಿದರೆ ಮುದ್ದೆ, ಮಾಲ್ಟ್, ಬಿಸ್ಕತ್ತು ದಾಟಿಕೊಂಡು ಬರಬೇಕು. ಸಿಖ್ಖರಲ್ಲಿ ಕೀರ್ತನೆ ಹಾಡುವವರನ್ನೂ ರಾಗಿ ಅನ್ನುತ್ತಾರೆ, ಅವರೂ ಸಿಗುತ್ತಾರೆ. ನನ್ನ ಫಾಂಟ್ ಸಿಗುವಷ್ಟರಲ್ಲಿ ಹುಡುಕುವವರಿಗೆ ಸಾಕಾಗಿರುತ್ತದೆ.

ಇನ್ನೊಂದು ಕೊರತೆ ಕಣ್ಣಿಗೆ ಸಂಬಂಧಿಸಿದ್ದು. ಫಾಂಟಿನ ಹೆಸರನ್ನು ಅದೇ ಫಾಂಟಿನಲ್ಲಿ ದೊಡ್ಡದಾಗಿ ಬರೆದು ತೋರಿಸುವುದು ರೂಢಿ. ಆ ಪದದಲ್ಲೇ ಕೆಲಸ ಕಾಣಬೇಕು. ‘ರಾಗಿ’ಯಲ್ಲಿ ಒತ್ತಕ್ಷರವೇ ಇಲ್ಲ. ನಾನು ಜಾಸ್ತಿ ಹೊತ್ತು ಕೂತು ತಿದ್ದಿದ್ದು ಒತ್ತುಗಳನ್ನೇ. ಅವು ಕಾಣದ ಹೆಸರು ಯಾಕೆ ಬೇಕು?

ಕೊಬ್ಬರಿ ಗೆದ್ದದ್ದು ಇಲ್ಲಿ. ‘ಕೊ’ದಲ್ಲಿ ಸ್ವರಚಿಹ್ನೆ ಮೇಲೂ ಬಲಕ್ಕೂ ಚಾಚುತ್ತದೆ. ‘ಬ್ಬ’ದಲ್ಲಿ ಒತ್ತು ಎಷ್ಟು ಕೆಳಗಿಳಿಯುತ್ತದೆ ಎಂದು ನೇರವಾಗಿ ಕಾಣುತ್ತದೆ. ‘ರಿ’ಯಲ್ಲಿ ಗುಡಿಸು ತಲೆಕಟ್ಟಿನ ಜಾಗದಲ್ಲಿ ಹೇಗೆ ಬೆರೆಯಿತು ಅಂತ ಗೊತ್ತಾಗುತ್ತದೆ. ಮೂರೇ ಅಕ್ಷರದಲ್ಲಿ ಫಾಂಟಿನ ಅರ್ಧ ಲೆಕ್ಕ ಸಿಕ್ಕಿಬಿಡುತ್ತದೆ. ಒತ್ತು ಮೇಲಿನ ಬಕ್ಕೆ ತಾಗುತ್ತಿದೆಯೋ ಇಲ್ಲವೋ ಎಂಬುದನ್ನು ಹೆಸರಿನಲ್ಲೇ ನೋಡಬಹುದು.

ಗುಣದ ಊಹೆಯಲ್ಲಿ ರಾಗಿಗಿಂತ ಒಂದು ಕೂದಲು ಹಿಂದೆ. ತಿಪಟೂರಿನ ಗೆಳೆಯ, ‘ಗಟ್ಟಿ, ಒಣಗಿದ್ದು, ದುಂಡಗಿರುತ್ತೆ’ ಎಂದ. ಕೊಬ್ಬರಿ ಮಾರುಕಟ್ಟೆಯ ಊರಿನವನು, ಇನ್ನೇನು ಹೇಳುತ್ತಾನೆ! ಆದರೆ ಕೋಲಾರದ ಕಡೆಯ ಒಬ್ಬರಿಗೆ ಕೊಬ್ಬರಿ ಮಿಠಾಯಿ ನೆನಪಾಗಿ, ಮಕ್ಕಳ ಪುಸ್ತಕದ ಅಕ್ಷರ ಅಂದುಕೊಂಡರು. ಪರವಾಗಿಲ್ಲ, ಲಗ್ನಪತ್ರಿಕೆಯಷ್ಟು ದೂರ ಹೋಗಲಿಲ್ಲ.

ನಿಜವಾದ ತಕರಾರು ಸ್ಪೆಲಿಂಗಿನದು. ನಾವು ಮಾತಲ್ಲಿ ಕೊಬ್ರಿ ಅನ್ನುತ್ತೇವೆ. ಅದಕ್ಕೇ ಫೋನಿನಲ್ಲಿ ಕೇಳಿದವರು Kobbari, Kobari, Kobri ಮೂರನ್ನೂ ಬರೆದರು. ಫಾಂಟ್ ಮೆನುವಿನಲ್ಲಿ ಇದರಿಂದ ನಷ್ಟವಿಲ್ಲ. Kob ಎಂದು ಒತ್ತುವಷ್ಟರಲ್ಲಿ ಅದು ಬಂದು ನಿಲ್ಲುತ್ತದೆ. ವೆಬ್ ಪುಟದಲ್ಲಿ ಮಾತ್ರ ಹಾಗಲ್ಲ:

```
font-family: "Kobbari", "Noto Serif Kannada", serif;
```

ಇಲ್ಲಿ ಒಂದು b ಬಿಟ್ಟರೆ ಬ್ರೌಸರ್ ಯಾವ ತಪ್ಪನ್ನೂ ತೋರಿಸುವುದಿಲ್ಲ. ಸುಮ್ನೆ ಮುಂದಿನ ಫಾಂಟಿಗೆ ಹೋಗುತ್ತದೆ. ಪುಟ ಚೆನ್ನಾಗಿಯೇ ಕಾಣುತ್ತದೆ, ಅಕ್ಷರ ಮಾತ್ರ ಬೇರೆಯದು. ಕಂಡುಹಿಡಿಯಲು ನಾನು ‘ಬ್ಬ’ ನೋಡುತ್ತೇನೆ. ಒತ್ತು ಮೇಲಿನ ಅಕ್ಷರದಿಂದ ದೂರ ಕೂತಿದ್ದರೆ ಅದು ನನ್ನ ಫಾಂಟ್ ಅಲ್ಲ.

ವಾಕ್ಯದಲ್ಲಿ ಬಳಸುವಾಗ ಒಂದು ನಗು ಕಾದಿದೆ. ‘ಈ ಪುಸ್ತಕ ಕೊಬ್ಬರಿಯಲ್ಲಿದೆ’ ಎಂದು ಬರೆದರೆ ಯಾರಿಗಾದರೂ ನಗು ಬರುತ್ತದೆ, ಅಲ್ವಾ? ‘ರಾಗಿಯಲ್ಲಿದೆ’ ಅಂದರೂ ಅಷ್ಟೇ. ‘ಜಯಮಂಗಲಿಯಲ್ಲಿದೆ’ ಒಂದೇ ಘನತೆಯಿಂದ ನಿಲ್ಲುತ್ತದೆ. ಅದಕ್ಕೆ ಅಷ್ಟು ಅಂಕ ಕೊಡಲೇಬೇಕು. ‘ಕೊಬ್ಬರಿ ಅಕ್ಷರದಲ್ಲಿ’ ಎಂದರೆ ನಗು ನಿಲ್ಲುತ್ತದೆ.

ಹೆಸರನ್ನು ಕನ್ನಡ ಲಿಪಿಯಲ್ಲೂ ಫಾಂಟಿನ ಒಳಗೆ ಸೇರಿಸಬಹುದು, ಅದಕ್ಕೆ ಪ್ರತ್ಯೇಕ ದಾಖಲೆ ಇದೆ. ನಾನು ಸೇರಿಸಲಿಲ್ಲ. ಕಂಪ್ಯೂಟರಿನ ಭಾಷೆ ಕನ್ನಡ ಇದ್ದವರಿಗೆ ಮೆನುವಿನಲ್ಲಿ ‘ಕೊಬ್ಬರಿ’ ಕಾಣಬಹುದು, ಪಕ್ಕದವರಿಗೆ Kobbari. ಪಟ್ಟಿಯಲ್ಲಿ ಜಾಗವೂ ಬೇರೆ. ಪ್ರೆಸ್ಸಿನಲ್ಲಿ ಇಬ್ಬರೂ ಒಂದೇ ಫಾಂಟಿನ ಬಗ್ಗೆ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುವುದಕ್ಕೇ ಸಮಯ ಹಿಡಿಯುತ್ತದೆ.

ಕೊಬ್ಬರಿಯೇ ಉಳಿಯಿತು. ಪುಸ್ತಕದ ಕೊನೆಯಲ್ಲಿ ಹಾಕಲು ಒಂದು ಸಾಲನ್ನೂ ಫಾಂಟಿನ ಜೊತೆ ಕೊಡುತ್ತಿದ್ದೇನೆ: ‘ಅಕ್ಷರ: ಕೊಬ್ಬರಿ (Kobbari), ಆವೃತ್ತಿ 1.000, 9/14 ಪಾಯಿಂಟ್’. ಎರಡು ಲಿಪಿಯಲ್ಲೂ ಇದ್ದರೆ ಸ್ಪೆಲಿಂಗಿನ ಜಗಳ ಅಲ್ಲೇ ಮುಗಿಯುತ್ತದೆ. ಆವೃತ್ತಿಯ ಸಂಖ್ಯೆಯೂ ಬೇಕೇ ಬೇಕು. ಮುಂದೆ ಯಾವುದಾದರೂ ಅಕ್ಷರದ ಅಗಲ ತಿದ್ದಿದರೆ ಸಾಲುಗಳು ಬೇರೆ ಕಡೆ ಮುರಿಯುತ್ತವೆ. ಮರುಮುದ್ರಣ ಮಾಡುವವರು ಯಾವ ಫೈಲು ಕೇಳಬೇಕು ಎಂಬುದು ಆ ಸಂಖ್ಯೆಯಿಂದಲೇ ಗೊತ್ತಾಗಬೇಕು.