ಬ್ಯಾಕ್‌ಲಾಗಿನಲ್ಲೇ ಲೇಬಲ್ಲೋ, ಬೇರೆ ಅಟ್ಟವೋ?

ಶಿರಸಿಯಲ್ಲಿ ನಾವು ನಾಲ್ಕು ಜನ ಸೇರಿ ಅಡಿಕೆ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತೇವೆ. ಗ್ರಾಹಕರ ಸಲಹೆಗಳನ್ನು ಎಲ್ಲಿಡಬೇಕು ಅಂತ ಎರಡು ದಾರಿ ನೋಡಿದೆವು.

ಮೊದಲನೆಯದು, ಗಿಟ್‌ಹಬ್ ಇಶ್ಯೂಗಳಲ್ಲೇ ಇಟ್ಟು `idea` ಅಂತ ಲೇಬಲ್ ಹಾಕುವುದು. ಮಾಡಬೇಕಾದ ಕೆಲಸದ ಪಟ್ಟಿ, ಅಂದರೆ ಬ್ಯಾಕ್‌ಲಾಗ್, ಬೇಕಾದಾಗ ಆ ಲೇಬಲ್ ಇಲ್ಲದವನ್ನಷ್ಟೇ ಹೀಗೆ ಸೋಸುತ್ತಿದ್ದೆವು:

```
is:open -label:idea
```

ಒಂದೇ ಜಾಗ, ಹುಡುಕಾಟ ಸುಲಭ. ಆದರೆ ಅವಸರದಲ್ಲಿ ಯಾರಾದರೂ ಲೇಬಲ್ ಮರೆತರೆ ಸಲಹೆ ಸುಮ್ನೆ ಕೆಲಸದ ಸಾಲಿಗೆ ಸೇರಿಬಿಡುತ್ತಿತ್ತು. ಅದಕ್ಕಿಂತ ದೊಡ್ಡ ತಾಪತ್ರಯ ಬೇರೆ. ಒಬ್ಬ ಹಿರಿಯ ಗ್ರಾಹಕರು ನನ್ನ ಪರದೆಯಲ್ಲಿ ತಮ್ಮ ಸಲಹೆ ನೋಡಿ, "ತಮ್ಮಾ, ಪಟ್ಟಿ ಹತ್ತಿದ ಮೇಲೆ ಆಗೇ ಆಗ್ತದೆ ಅಲ್ವಾ?" ಅಂದರು. ಅವರದು ತಪ್ಪಲ್ಲ. ಆ ಪಟ್ಟಿ ಇರುವುದೇ ಮಾಡುವ ಕೆಲಸಕ್ಕೆ.

ಎರಡನೆಯದು, ಬೇರೆಯೇ ಒಂದು ಶೀಟ್. ಸಲಹೆಗಳನ್ನು ಸದ್ಯಕ್ಕೆ ನಿಲ್ಲಿಸಿಡುವ ಜಾಗವಾದ್ದರಿಂದ ಪಾರ್ಕಿಂಗ್ ಲಾಟ್ ಅನ್ನಬಹುದಿತ್ತು, ಆದರೆ ನಮ್ಮೂರಲ್ಲಿ ಲಾಟ್ ಅಂದರೆ ಟೆಂಡರಿಗಿಟ್ಟ ಅಡಿಕೆ. ಹಾಗಾಗಿ 'ಅಟ್ಟ' ಅಂತ ಹೆಸರಿಟ್ಟೆವು. ಅದರಲ್ಲಿ ನಾಲ್ಕೇ ಕಾಲಂ: ಯಾರು ಹೇಳಿದ್ದು, ಯಾವತ್ತು, ಏನು ತೊಂದರೆ, ಈಗ ಹೇಗೆ ಸಂಭಾಳಿಸುತ್ತಾರೆ. ಯಾರು ಮಾಡಬೇಕು, ಯಾವಾಗ ಮುಗಿಯಬೇಕು ಎಂಬ ಕಾಲಂ ಬೇಕಂತಲೇ ಇಟ್ಟಿಲ್ಲ. ಅವು ಬಂದವೆಂದರೆ ಅದು ಇನ್ನೊಂದು ಬ್ಯಾಕ್‌ಲಾಗ್ ಆದ ಹಾಗೆಯೇ.

ಹೆಚ್ಚು ಉಪಯೋಗಕ್ಕೆ ಬಂದದ್ದು ಕೊನೆಯ ಕಾಲಂ. ಚಾಲಿ, ರಾಶಿ ಅಡಿಕೆಯ ದರ ಮೊಬೈಲಿಗೆ ಬರಲಿ ಅಂತ ಮೂವರು ಬೆಳೆಗಾರರು ಕೇಳಿದ್ದರು. ಹಿಂದಿನಂತೆ ಆಗಿದ್ದರೆ 'ದರದ ಎಸ್ಸೆಮ್ಮೆಸ್' ಅಂತ ಇಶ್ಯೂ ತೆರೆದು ಕೂತುಬಿಡುತ್ತಿದ್ದೆವು. ತಿಂಗಳ ಮೊದಲ ಸೋಮವಾರ ಅಟ್ಟ ನೋಡುವಾಗ ಮೂರೂ ಸಾಲಿನ ಕೊನೆಯಲ್ಲಿ ಒಂದೇ ಮಾತು ಕಂಡಿತು: "ಸಂಜೆ ಅಂಗಡಿಗೆ ಫೋನ್ ಮಾಡಿ ನಮ್ಮ ಅಡಿಕೆ ಹೋಯ್ತಾ ಅಂತ ಕೇಳ್ತೇವೆ." ಅವರಿಗೆ ಬೇಕಾದದ್ದು ಪೇಟೆಯ ದರವಲ್ಲ, ತಮ್ಮ ಲಾಟ್ ಮಾರಾಟವಾಯಿತಾ ಎಂಬ ಸುದ್ದಿ. ಬ್ಯಾಕ್‌ಲಾಗಿಗೆ ಹೊಸದಾಗಿ ಬರೆದದ್ದು ಅಷ್ಟೇ: ಬಿಲ್ ಆದ ಕೂಡಲೇ ಬೆಳೆಗಾರರಿಗೆ ಒಂದು ಮೆಸೇಜು. ದಿನದಿನದ ದರ ಎಲ್ಲಿಂದ ತರುವುದು ಎಂಬ ತಲೆಬಿಸಿಯೇ ಬರಲಿಲ್ಲ.

ಅಟ್ಟಕ್ಕೂ ಗೆದ್ದಲು ಹಿಡಿಯುತ್ತದೆ. "ಚೀಲದ ತೂಕ ಕಳೆಯೋದು ಸ್ವಲ್ಪ ಸರಿ ಇದ್ದಿದ್ರೆ ಚೆನ್ನಾಗಿತ್ತು" ಅಂತ ಒಬ್ಬರು ಮೆತ್ತಗೆ ಹೇಳಿದ್ದನ್ನು ಸಲಹೆ ಅಂತಲೇ ಮೇಲಿಟ್ಟೆ. ನಿಜಕ್ಕೂ ಅದು ಬಗ್. ಎರಡು ಅಳತೆಯ ಚೀಲ ಒಂದೇ ಬಿಲ್ಲಿನಲ್ಲಿ ಬಂದರೆ ಎಲ್ಲದಕ್ಕೂ ಮೊದಲನೆಯದರ ತೂಕವೇ ಕಳೆಯುತ್ತಿತ್ತು. ಐದು ವಾರ ಹಾಗೇ ಬಿದ್ದಿತ್ತು. ಲೇಬಲ್ ಪದ್ಧತಿಯಲ್ಲಾಗಿದ್ದರೆ ದಿನಾ ಇಶ್ಯೂಗಳನ್ನು ನೋಡುವಾಗ ಯಾರಾದರೂ ಹಿಡಿಯುತ್ತಿದ್ದರೇನೋ. ಈಗ ಹಣ ಅಥವಾ ತೂಕದ ಮಾತು ಬಂದರೆ, ಎಷ್ಟೇ ಮೆತ್ತಗೆ ಹೇಳಿರಲಿ, ಅದೇ ದಿನ ಒಂದು ಬಿಲ್ ಹಾಕಿ ನೋಡುತ್ತೇವೆ. ಲೆಕ್ಕ ಸರಿ ಬಂದರೆ ಮಾತ್ರ ಅಟ್ಟಕ್ಕೆ.